ಮುಂಜಾನೆ ಆರೂವರೆಗೆ ಕರೆಂಟ್ ಹೋಗುವ ಊರಲ್ಲಿ ಐದು ಮಂದಿಗೆ ಬಿಸಿನೀರು: ಸೋಲಾರೋ, ಗೀಸರೋ?

ನವನಗರ ನಿವಾಸಿ, ಬಾಗಲಕೋಟೆ

ನಮಸ್ಕಾರ್ರೀ ಎಲ್ಲಾರಿಗೂ. ಮನ್ಯಾಗ ಐದು ಮಂದಿ, ಎಲ್ಲಾರ ಜಳಕಾನೂ ಮುಂಜಾನೆ 6ರಿಂದ 8ರ ಒಳಗ ಮುಗೀಬೇಕು. ಕರೆಂಟ್ ಭಾಳ ಸಲ ಆರೂವರೆಗೆ ಹೋಗಿ ಎಂಟೂವರೆಗೆ ಬರತೈತಿ. ರಾತ್ರಿ ಹೆಚ್ಚಾಗಿ ಇರತೈತಿ, ಆದ್ರ ಸಂಜೀಮುಂದ ವೋಲ್ಟೇಜ್ ಕಡಿಮಿ. ಇನ್ವರ್ಟರ್ 900 ವಿಎ, ಬ್ಯಾಟರಿ 150 ಎಎಚ್. ಮಾಳಿಗಿ ಮ್ಯಾಲ 1000 ಲೀಟರಿನ ಸಿಂಟ್ಯಾಕ್ಸ್, 3 ಫೂಟಿನ ಕಟ್ಟೀ ಮ್ಯಾಲ ಐತಿ. ನಳದ ನೀರು ದಿನಾ ಬರೂದಿಲ್ಲ. ಸಂಪಿನಾಗ ಹಿಡಿದು ಮ್ಯಾಲ ಏರಸ್ತೀವಿ, ಸಾಲದಿದ್ರ ಬೋರಿನ ನೀರು. ಬಚ್ಚಲ ಎರಡೂ ಕೆಳಗ ಅದಾವ.

ಒಬ್ಬರು 100 ಲೀಟರ್ ಸೋಲಾರ್ ಅಂತಾರ, ಇನ್ನೊಬ್ಬರು 25 ಲೀಟರ್ ಗೀಸರ್ ಸಾಕು ಅಂತಾರ. ಯಾವುದು ಹಾಕ್ಸೂಣ್ರಿ?

ಮುಧೋಳ ರೋಡ್

ಸೋಲಾರ್ ಹಾಕ್ಸಿಬಿಡ್ರಿ ಸರ್, ಎರಡನೇ ವಿಚಾರನ ಬ್ಯಾಡ. ಪಿಎಂ ಸೂರ್ಯ ಘರ್ ಯೋಜನ್ಯಾಗ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಐತಿ. ಗೀಸರ್ ಏನು, ಎಸಿನೂ ಓಡಸಬಹುದು.

ಟಿಳಕವಾಡಿ

ಮುಧೋಳದವರೇ, ಅವರು ಕೇಳುತ್ತಿರುವುದು ನೀರು ಕಾಯಿಸುವ ಸೋಲಾರ್, ನೀವು ಹೇಳುತ್ತಿರುವುದು ಕರೆಂಟ್ ಮಾಡುವ ಪ್ಯಾನಲ್. ಆ 78,000 ಸಿಗುವುದು ಪ್ಯಾನಲ್‌ಗೆ, ನೀರಿನ ಹೀಟರ್‌ಗೆ ಅಲ್ಲ. ಪ್ಯಾನಲ್ ಹಾಕಿಸಿದರೂ ಇವರ ತೊಂದರೆ ತಪ್ಪುವುದಿಲ್ಲ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಪ್ಯಾನಲ್‌ನ ಇನ್ವರ್ಟರ್ ಅನ್ನು ಹಾಗೆ ಮಾಡಿರುತ್ತಾರೆ. ಅದೂ ಅಲ್ಲದೆ ಮುಂಜಾನೆ ಆರೂವರೆಗೆ ಪ್ಯಾನಲ್ ಮೇಲೆ ಬಿಸಿಲೆಲ್ಲಿ?

ಮೂಲ ಪ್ರಶ್ನೆಗೆ ಬರೋಣ. ಮುಂಜಾನೆ ಕರೆಂಟ್ ಇರುವುದಿಲ್ಲ ಎಂದ ಮೇಲೆ ನೀರು ಹಿಂದಿನ ದಿನವೇ ಕಾದು ಕುಳಿತಿರಬೇಕು. ಹಗಲು ಬಿಸಿಲಿನಿಂದ ಕಾಯಲಿ, ರಾತ್ರಿ ಕರೆಂಟಿನಿಂದ ಕಾಯಲಿ, ಎಷ್ಟು ಲೀಟರ್ ಹಿಡಿದಿಡುತ್ತೀರಿ ಮತ್ತು ಬೆಳಗಿನವರೆಗೆ ಎಷ್ಟು ಬಿಸಿ ಉಳಿಯುತ್ತದೆ ಎನ್ನುವುದಷ್ಟೇ ಲೆಕ್ಕ. 3 ಲೀಟರಿನ ಇನ್‌ಸ್ಟಂಟ್ ಗೀಸರ್ ನಿಮಗೆ ಬೇಡವೇ ಬೇಡ, ಅದರಲ್ಲಿ ಹಿಡಿದಿಡುವ ನೀರೇ ಇಲ್ಲ.

ಗೀಸರ್ ಒಂದನ್ನೇ ನೆಚ್ಚಿಕೊಂಡರೆ ಹೀಗಾಗುತ್ತದೆ. ಚಳಿಗಾಲದಲ್ಲಿ ನಿಮ್ಮ ಟಾಕಿಯ ನೀರು ಸುಮಾರು 23 ಡಿಗ್ರಿ ಎಂದುಕೊಳ್ಳಿ. 25 ಲೀಟರನ್ನು 65 ಡಿಗ್ರಿಗೆ ತರಲು 1.2 ಯೂನಿಟ್ ಬೇಕು. 2 ಕಿಲೋವ್ಯಾಟ್ ಎಲಿಮೆಂಟ್ ಇದ್ದರೆ 37 ನಿಮಿಷದ ಕೆಲಸ. ಆದರೆ ವೋಲ್ಟೇಜ್ 230ರ ಬದಲು 180 ಇದ್ದರೆ ಅದೇ ಎಲಿಮೆಂಟ್ 2000 ವ್ಯಾಟ್ ಬದಲು 1225 ವ್ಯಾಟ್ ಮಾತ್ರ ಕೊಡುತ್ತದೆ, ಏಕೆಂದರೆ ವೋಲ್ಟೇಜ್ ಇಳಿದ ಪ್ರಮಾಣದ ವರ್ಗದಷ್ಟು ಶಕ್ತಿ ಇಳಿಯುತ್ತದೆ. ಆಗ ಒಂದು ತಾಸು ಹಿಡಿಯುತ್ತದೆ. ಹಾಗಾಗಿ ಸಂಜೆ ಹಚ್ಚಬೇಡಿ, ವೋಲ್ಟೇಜ್ ಸುಧಾರಿಸುವ ರಾತ್ರಿ 11ರ ಮೇಲೆ ಹಚ್ಚಿ. ಒಳ್ಳೆಯ ಇನ್ಸುಲೇಷನ್ ಇರುವ 5 ಸ್ಟಾರ್ ಗೀಸರಿನಲ್ಲಿ ಮುಂಜಾನೆಯ ಹೊತ್ತಿಗೆ ಆರೇಳು ಡಿಗ್ರಿ ಮಾತ್ರ ಇಳಿದಿರುತ್ತದೆ, ಅಂದರೆ 58–59 ಡಿಗ್ರಿಯ ನೀರು ಕೈಗೆ ಸಿಗುತ್ತದೆ.

ಆದರೆ ಎಷ್ಟು ಬಕೆಟ್? 58 ಡಿಗ್ರಿಯ 25 ಲೀಟರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸುಮಾರು 50 ಲೀಟರ್, 20 ಲೀಟರಿನ ಎರಡೂವರೆ ಬಕೆಟ್. ಇಬ್ಬರ ಜಳಕ ಕಷ್ಟಪಟ್ಟು ಮುಗಿಯುತ್ತದೆ, ಆಮೇಲೆ ಕರೆಂಟ್ ಇಲ್ಲ. ಐದು ಮಂದಿಗೆ ಕನಿಷ್ಠ 50 ಲೀಟರ್ ಗೀಸರ್ ಬೇಕು, ಅದೂ ತಲೆಗೆ ಒಂದೇ ಬಕೆಟ್ ಲೆಕ್ಕದಲ್ಲಿ.

ಜಮಖಂಡಿ ನಾಕಾ

ಅಷ್ಟೆಲ್ಲ ಯಾಕ್ರಿ, ಇನ್ವರ್ಟರ್ ದೊಡ್ಡದು ಮಾಡಿದ್ರ ಮುಗೀತಲ್ಲ. 2.5 ಕೆವಿಎ ಇನ್ವರ್ಟರ್, ಎರಡು ಬ್ಯಾಟರಿ. 15 ಲೀಟರ್ ಗೀಸರ್ ಆರಾಮ ನಡೀತೈತಿ. ಸೋಲಾರ್ ನೀರು ಮುಂಜಾನೆ ಬರೇ ಉಗುರುಬೆಚ್ಚಗ ಬರತೈತಿ, ಹಾಕ್ಸಿದವರು ಎಲ್ಲಾರೂ ಇದನ್ನ ಹೇಳ್ತಾರ.

ಟಿಳಕವಾಡಿ

ಗೀಸರ್ ಎಳೆಯುವ ಲೋಡನ್ನು 2.5 ಕೆವಿಎ ಇನ್ವರ್ಟರ್ ತಡೆಯುತ್ತದೆ, ಆ ಮಾತು ನಿಜ. ತಡೆಯದಿರುವುದು ಬ್ಯಾಟರಿ. ಎರಡು 150 ಎಎಚ್ ಬ್ಯಾಟರಿಯ ಮೇಲೆ ಬರೆದಿರುವ ಲೆಕ್ಕದಲ್ಲಿ 3.6 ಯೂನಿಟ್ ಇದೆ. ಅದು ನಿಧಾನಕ್ಕೆ ಇಪ್ಪತ್ತು ತಾಸು ಎಳೆದಾಗ ಸಿಗುವ ಲೆಕ್ಕ. ಗೀಸರ್ 24 ವೋಲ್ಟಿನಲ್ಲಿ 90 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಆ ವೇಗದಲ್ಲಿ ಸೀಸದ ಬ್ಯಾಟರಿ ಸುಮಾರು ಅರ್ಧವಷ್ಟೇ ಕೊಡುತ್ತದೆ. ದಿನಾ ಹೀಗೆ ಬರಿದು ಮಾಡಿದರೆ ಬ್ಯಾಟರಿಯ ಆಯುಷ್ಯ ಬೇಗ ತೀರುತ್ತದೆ, ಮನೆಯ ಲೈಟು ಫ್ಯಾನಿಗೂ ಉಳಿಯುವುದಿಲ್ಲ. ಇವರ ಬಳಿ ಇರುವ 900 ವಿಎ ಅಂತೂ ಸ್ವಿಚ್ ಹಾಕಿದ ಕ್ಷಣವೇ ಓವರ್‌ಲೋಡ್ ಅಂತ ಕೂಗುತ್ತದೆ.

ಉಗುರುಬೆಚ್ಚಗಿನ ದೂರು ಸುಳ್ಳಲ್ಲ. ಅದಕ್ಕೆ ವಿಜಯಪುರದ ಫಿಟ್ಟರ್ ಅಣ್ಣಾವ್ರು ಉತ್ತರ ಹೇಳಲಿ.

ಸೋಲಾರ್ ಫಿಟ್ಟಿಂಗ್, ವಿಜಯಪುರ

ಹೇಳ್ತೀನ್ರಿ. ನಮ್ಮ ಬಿಸಿಲಿಗೆ ನೀರು ಕಾಯೂದಿಲ್ಲ ಅನ್ನೂ ಮಾತ ಇಲ್ಲ. ಸಂಜೀಮುಂದ 5ಕ್ಕ ಟಾಕಿ ಹತ್ತಿರ ಹೋಗಿ ನೋಡ್ರಿ, 60 ಡಿಗ್ರಿ ಮ್ಯಾಲ ಇರತೈತಿ. ಟಾಕಿ ಸುತ್ತ ಬಿಸಿ ಹಿಡಿದಿಡೂ ಪಫ್ ಛಲೋ ತುಂಬಿದ್ರ ರಾತ್ರಿಯೆಲ್ಲಾ ಸೇರಿ 5ರಿಂದ 8 ಡಿಗ್ರಿ ಅಷ್ಟ ಇಳೀತೈತಿ. ಹಂಗಿದ್ದೂ ಮುಂಜಾನೆ ಬೆಚ್ಚಗ ಬಂದ್ರ ಬಿಸಿ ಎಲ್ಲ್ಯೋ ಸೋರಿ ಹೋಗಿರತೈತಿ. ಹೆಚ್ಚಾಗಿ ಎರಡು ದಾರಿ.

ಒಂದು, ಬಚ್ಚಲದ ಮಿಕ್ಸರ್. ಬಿಸಿ ನೀರು ಸೋಲಾರಿಂದ, ತಣ್ಣೀರು ಪ್ರೆಶರ್ ಪಂಪಿಂದ ಅಥವಾ ಬ್ಯಾರೆ ಎತ್ತರದ ಟಾಕಿಯಿಂದ ಬರತಿದ್ರ, ಒತ್ತಡ ಹೆಚ್ಚಿದ್ದ ತಣ್ಣೀರು ಮಿಕ್ಸರ್ ಒಳಗಿಂದನ ಬಿಸಿ ಲೈನಿಗೆ ನುಗ್ಗಿ ಸೋಲಾರ್ ಟಾಕಿ ತನಕ ಏರತೈತಿ. ಮಿಕ್ಸರ್‌ನ ಎರಡೂ ಕಡೆ ತೆರೆದಿಟ್ಟು, ಮುಂದ ಹ್ಯಾಂಡ್ ಶವರಿನ ಗುಂಡಿ ಒತ್ತಿ ನೀರು ನಿಲ್ಲಿಸಿಟ್ಟ ಮನ್ಯಾಗಂತೂ ರಾತ್ರಿಯೆಲ್ಲಾ ಇದ ನಡೀತೈತಿ. ಪರೀಕ್ಷೆ ಸರಳ. ಸೋಲಾರಿಗೆ ಹೋಗೂ ತಣ್ಣೀರಿನ ವಾಲ್ವ್ ಬಂದ್ ಮಾಡ್ರಿ, ಕೆಳಗ ಬರೇ ಬಿಸಿ ನಳ ಬಿಡ್ರಿ. ಒಂದೆರಡು ನಿಮಿಷ ಹರಿದು ನಿಲ್ಲಬೇಕು. ನಿಲ್ಲದ ತಣ್ಣೀರು ಬರತನ ಇದ್ರ ಅದು ಯಾವುದೋ ಮಿಕ್ಸರಿಂದ ಬರಾಕತ್ತೈತಿ. ಒಂದೊಂದ ಮಿಕ್ಸರ್‌ನ ಕೆಳಗಿನ ಆ್ಯಂಗಲ್ ವಾಲ್ವ್ ಬಂದ್ ಮಾಡಿಕೋತ ಹೋಗ್ರಿ, ಕಳ್ಳ ಸಿಗತಾನ. ಹೊಸದಾಗಿ ಮಾಡ್ಸೂರು ಮಿಕ್ಸರ್ ಬಿಟ್ಟು ಬಿಸಿಗೊಂದು ತಣ್ಣೀರಿಗೊಂದು ಬ್ಯಾರೆ ನಳ ಇಟ್ರ ಈ ತಾಪತ್ರಯನ ಇಲ್ಲ. ಬಕೆಟ್ ಜಳಕಕ್ಕ ಅಷ್ಟ ಸಾಕು.

ಎರಡನೇದು, ಬಿಸಿ ನೀರು ತಣ್ಣೀರಿನ ಪೈಪಿನ್ಯಾಗ ಹಿಂದ ಹೋಗೂದು. ಬಿಸಿಯಾದ ನೀರು ಹಿಗ್ಗತೈತಿ, ಹಗುರಾಗತೈತಿ, ದಾರಿ ಸಿಕ್ಕಲ್ಲಿ ಮ್ಯಾಲ ಏರತೈತಿ. ಸಂಜೀಮುಂದ ತಣ್ಣೀರಿನ ಪೈಪ್ ಮುಟ್ಟಿ ನೋಡ್ರಿ. ಸೋಲಾರ್ ಟಾಕಿಯಿಂದ ನಾಲ್ಕೈದು ಫೂಟ್ ತನಕ ಬೆಚ್ಚಗಿದ್ರ ಇದ ತಪ್ಪು. ಅಲ್ಲಿ ನೀರನ್ನ ಒಂದ ದಿಕ್ಕಿಗೆ ಅಷ್ಟ ಬಿಡೂ ಎನ್‌ಆರ್‌ವಿ ಬೇಕು. ಆದ್ರ ಅಂಗಡ್ಯಾಗ ಕೊಡೂ ಸ್ಪ್ರಿಂಗಿಂದು ತರಬ್ಯಾಡ್ರಿ. ನಮ್ಮದು ಎತ್ತರದಿಂದ ಇಳಿಯೂ ನೀರು, ಎರಡು ಫೂಟ್ ಒತ್ತಡಕ್ಕ ಸ್ಪ್ರಿಂಗ್ ಸರಿಯಾಗಿ ತೆರೆಯೂದಿಲ್ಲ, ನಳದಾಗ ದಾರದಂಗ ನೀರು ಬರತೈತಿ. ಒಳಗ ಪಟ್ಟಿ ತೂಗಾಡೂ ಜಾತಿದು ತಂದು ಪೈಪ್ ಅಡ್ಡ ಮಲಗಿದಲ್ಲಿ ಹಾಕ್ರಿ. ಎನ್‌ಆರ್‌ವಿ ಹಾಕಿದ ಮ್ಯಾಲ ಏರ್ ವೆಂಟ್ ಪೈಪ್ ತೆರೆದಿರೂದು ಕಡ್ಡಾಯ, ಹಿಗ್ಗಿದ ನೀರಿಗೆ ಬ್ಯಾರೆ ದಾರಿ ಇರೂದಿಲ್ಲ.

ನವನಗರ ನಿವಾಸಿ, ಬಾಗಲಕೋಟೆ

ಭಾಳ ಉಪಯೋಗ ಆತ್ರಿ ಅಣ್ಣಾರ. ಹಂಗಾದ್ರ ನನ್ನ ಸಿಂಟ್ಯಾಕ್ಸಿಂದ ನೇರ ಸೋಲಾರಿಗೆ ಲೈನ್ ಕೊಡಬಹುದಲ್ಲ? ಅಂಗಡಿಯವರು ‘ನಡೀತೈತಿ’ ಅಂದ್ರು.

ಸೋಲಾರ್ ಫಿಟ್ಟಿಂಗ್, ವಿಜಯಪುರ

ಅದ ನಡಿಯೂದಿಲ್ರಿ. ನಿಮ್ಮ ಕಟ್ಟಿ 3 ಫೂಟ್, ಅಂದ್ರ ಸಿಂಟ್ಯಾಕ್ಸಿನ ತಳ ಮಾಳಿಗಿಯಿಂದ 3 ಫೂಟ್ ಮ್ಯಾಲ. ಕಾಜಿನ ಟ್ಯೂಬ್ ಸೋಲಾರಿನ ಟಾಕಿ ಸ್ಟ್ಯಾಂಡಿನ ತುದಿಗೆ ಕೂರತೈತಿ, ಅದರ ನೆತ್ತಿ ಸುಮಾರು 5 ಫೂಟಿಗೆ ಬರತೈತಿ. ಸಿಂಟ್ಯಾಕ್ಸ್ ತುಂಬಿದಾಗ ಎಲ್ಲಾ ಛಲೋ. ನೀರಿನ ಮಟ್ಟ ಅರ್ಧಕ್ಕ ಇಳಿದ ಕೂಡಲೇ ಸೋಲಾರ್ ಟಾಕಿಯ ಮ್ಯಾಲಿನ ಭಾಗ ಖಾಲಿ ಆಗತೈತಿ. ಬಿಸಿ ನೀರು ಹೊರಗ ಬರೂ ಪೈಪ್ ಇರೂದು ಅಲ್ಲೇ, ನೆತ್ತಿ ಹತ್ತಿರ. ಒಳಗ ನೀರಿದ್ರೂ ನಳಕ್ಕ ಬರೂದಿಲ್ಲ. ತಣ್ಣೀರಿನ ಟಾಕಿಯ ತಳ ಸೋಲಾರ್ ನೆತ್ತಿಗಿಂತ ಕನಿಷ್ಠ 1 ಫೂಟ್, ಜಾಗ ಇದ್ರ 2 ಫೂಟ್ ಮ್ಯಾಲ ಇರಬೇಕು. ಅಂದ್ರ ಮಾಳಿಗಿಯಿಂದ 6–7 ಫೂಟ್.

ಕಟ್ಟಿ ಒಡೆದು ಸಿಂಟ್ಯಾಕ್ಸ್ ಎತ್ತೂದು ಬ್ಯಾಡ. ಮೆಟ್ಟಿಲಿನ ಖೋಲಿ ಛತ್ತಿನ ಮ್ಯಾಲ 200 ಲೀಟರಿನ ಸಣ್ಣ ಟಾಕಿ ಇಡ್ರಿ, ಸೋಲಾರಿಗೆ ಅಂತನ. ಅದಕ್ಕ ನೀರು ಸಿಂಟ್ಯಾಕ್ಸಿಂದ ಏರೂದಿಲ್ಲ, ಹಂಗಾಗಿ ಸಂಪಿನ ಪಂಪ್ ಲೈನಿಗೇ ಟೀ ಹಾಕಿ ಒಂದು ಕವಲು ಅಲ್ಲಿಗೆ ಒಯ್ಯಿರಿ, ಬಾಯಿಗೆ ಫ್ಲೋಟ್ ವಾಲ್ವ್. ಪಂಪ್ ಹಚ್ಚಿದಾಗ ಎರಡೂ ತುಂಬತಾವ, ಸಣ್ಣದು ತುಂಬಿದ ಮ್ಯಾಲ ಫ್ಲೋಟ್ ಮುಚ್ಚಿ ಉಳಿದ ನೀರೆಲ್ಲಾ ಸಿಂಟ್ಯಾಕ್ಸಿಗೆ ಹೋಗತೈತಿ. ಮುಂಜಾನೆ ನೀವು ಸೋಲಾರಿಂದ ಎಳಿಯೂದು 70–80 ಲೀಟರ್. 200 ಲೀಟರ್ ಎರಡು ದಿನ ಬರತೈತಿ. ವೆಂಟ್ ಪೈಪಿನ ಬಾಯಿ ಈ ಸಣ್ಣ ಟಾಕಿಯ ನೀರಿನ ಮಟ್ಟಕ್ಕಿಂತ ಒಂದು ಫೂಟ್ ಮ್ಯಾಲ ಇಟ್ಟು ಕೆಳಗ ಬಗ್ಗಿಸಿರಿ.

ಕರೆಂಟ್ ಹೋಗೂ ಊರಾಗ ಇದು ಯಾಕ ಇಷ್ಟು ಮುಖ್ಯ ಅಂದ್ರ, ಎರಡು ದಿನ ಪಂಪ್ ಓಡದಿದ್ರ ಟಾಕಿ ಖಾಲಿ, ಸೋಲಾರಿಗೂ ನೀರಿಲ್ಲ. ಖಾಲಿ ಟ್ಯೂಬ್ ಬಿಸಿಲಾಗ 200 ಡಿಗ್ರಿ ತನಕ ಕಾಯತೈತಿ. ಮಧ್ಯಾಹ್ನ 1ಕ್ಕ ಕರೆಂಟ್ ಬಂತು ಅಂತ ಓಡಿ ಹೋಗಿ ಪಂಪ್ ಹಚ್ಚಿದ್ರಿ ಅಂದ್ರ ತಣ್ಣೀರು ಬಿದ್ದ ಕೂಡಲೇ ಕಾಜು ಚಟ್ ಅಂತ ಸೀಳತೈತಿ. ಸೋಲಾರಿನ ತಣ್ಣೀರು ವಾಲ್ವ್ ಮೊದಲು ಬಂದ್ ಮಾಡಿ, ಹೊತ್ತು ಮುಳುಗಿ ಎರಡು ತಾಸಾದ ಮ್ಯಾಲ ತೆರೀರಿ. ಇಲ್ಲಾಂದ್ರ ಮರುದಿನ ಹೊತ್ತು ಹುಟ್ಟೂ ಮೊದಲು. ಟ್ಯೂಬಿನ ತಳದಾಗ ಬೆಳ್ಳಿ ಬಣ್ಣ ಹೋಗಿ ಬೆಳ್ಳಗ ಹಾಲಿನಂಗ ಕಂಡ್ರ ಅದರ ನಿರ್ವಾತ ಹೋಗೇತಿ ಅಂತ ತಿಳೀರಿ, ಅದೊಂದ ಟ್ಯೂಬ್ ಬದಲಿಸಿದ್ರ ಸಾಕು.

ಇಳಕಲ್ ಅಕ್ಕ

ಬೋರಿನ ನೀರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮಲ್ಲಿ ಬೋರಿನ ನೀರೊಂದೇ. ಗೀಸರ್ ಹಚ್ಚಿದಾಗ ಒಳಗೆ ಪಟಪಟ ಸದ್ದು ಬರುತ್ತದೆ, ನಳದ ಜಾಳಿಗೆಯಲ್ಲಿ ಬಿಳಿ ಚಕ್ಕೆ ಸಿಕ್ಕಿಕೊಳ್ಳುತ್ತವೆ. ಸೋಲಾರ್ ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ?

ಟಿಳಕವಾಡಿ

ತಪ್ಪುವುದಿಲ್ಲ ಅಕ್ಕಾ, ಜಾಗ ಬದಲಾಗುತ್ತದೆ ಅಷ್ಟೇ. ಗೀಸರಿನಲ್ಲಿ ಸುಣ್ಣ ಕೂರುವುದು ಎಲಿಮೆಂಟಿನ ಮೈಮೇಲೆ. ಆ ಪದರ ದಪ್ಪವಾದಂತೆ ಎಲಿಮೆಂಟಿನ ಬಿಸಿ ನೀರಿಗೆ ದಾಟುವುದಿಲ್ಲ. ಅದು ತನ್ನೊಳಗೇ ಕಾದು ಕಡೆಗೆ ಸುಟ್ಟುಹೋಗುತ್ತದೆ. ಪದರದಡಿ ಸಿಕ್ಕ ನೀರು ಕುದಿದು ಒಡೆಯುವುದೇ ಆ ಪಟಪಟ ಸದ್ದು. ಅದು ಕೇಳಿಸಿದರೆ ಎಲಿಮೆಂಟ್ ಬಿಚ್ಚಿಸಿ ತೊಳೆಸುವ ಹೊತ್ತಾಗಿದೆ ಎಂದರ್ಥ. ಸಿಟ್ರಿಕ್ ಆಸಿಡ್ ಪುಡಿ ಬಿಸಿ ನೀರಿನಲ್ಲಿ ಕದಡಿ ಎಲಿಮೆಂಟನ್ನು ಒಂದು ತಾಸು ನೆನೆಹಾಕಿದರೆ ಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ, ಅದು ಸ್ಟೀಲ್ ಟಾಕಿಯ ಬೆಸುಗೆಯನ್ನೇ ತಿನ್ನುತ್ತದೆ. ಬಿಚ್ಚಿದಾಗಲೇ ಟಾಕಿ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ರಾಡ್ ನೋಡಿ, ತಂತಿಯಷ್ಟೇ ಉಳಿದಿದ್ದರೆ ಬದಲಿಸಿ. ಥರ್ಮೋಸ್ಟಾಟ್ 60ಕ್ಕಿಂತ ಕೆಳಗಿಟ್ಟರೆ ಸುಣ್ಣ ನಿಧಾನಕ್ಕೆ ಕೂರುತ್ತದೆ. ಆದರೆ ರಾತ್ರಿ ಕಾಯಿಸಿ ಮುಂಜಾನೆಗೆ ಇಡುವವರಿಗೆ 65 ಬೇಕಾಗುತ್ತದೆ. ಬೋರಿನ ನೀರಿನವರು ಸ್ವಲ್ಪ ದೊಡ್ಡ ಗೀಸರ್ ತಂದು 55ಕ್ಕೆ ಇಡುವುದು ಮೇಲು.

ಸೋಲಾರ್ ಫಿಟ್ಟಿಂಗ್, ವಿಜಯಪುರ

ಬೋರಿನ ನೀರಿಗೆ ತಾಮ್ರದ ಪ್ಯಾನಲ್ ಸೋಲಾರ್ ಬ್ಯಾಡ್ರಿ ಅಕ್ಕಾರ. ಒಳಗಿನ ಸಣ್ಣ ತಾಮ್ರದ ನಳಿಗಿ ಸುಣ್ಣದಿಂದ ಕಟ್ಟಿಕೊಂಡ್ರ ನೀರು ತಿರುಗೂದ ನಿಲ್ಲತೈತಿ, ಪ್ಯಾನಲ್ ಸುಡಾಕತ್ತಿರತೈತಿ, ಟಾಕಿ ತಣ್ಣಗ. ಕಾಜಿನ ಟ್ಯೂಬ್ ಅಗಲ ಇರತಾವ, ತಳದಾಗ ಸುಣ್ಣ, ಕೆಸರು ಕೂತ್ರೂ ವರ್ಷಕ್ಕೊಮ್ಮೆ ಬಿಚ್ಚಿ ತೊಳಿಯಬಹುದು. ಬಿಚ್ಚೂದು ಮುಂಜಾನೆ ಬೇಗ, ಟಾಕಿ ಖಾಲಿ ಮಾಡಿ. ಟ್ಯೂಬಿನ ಕೊರಳಿನ ರಬ್ಬರ್ ರಿಂಗಿಗೆ ಸಾಬೂನಿನ ನೀರು ಹಚ್ಚಿ ತಿರುವಿದ್ರ ಸರಳ ಬರತೈತಿ. ಒಣ ರಬ್ಬರಿನ ಮ್ಯಾಲ ಒತ್ತಿದ್ರ ಟ್ಯೂಬಿನ ಬಾಯಿ ಒಡೀತೈತಿ.

ಟಿಳಕವಾಡಿ

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ. ಹೀಟ್ ಎಕ್ಸ್‌ಚೇಂಜರ್ ಇರುವ ತಾಮ್ರದ ಪ್ಯಾನಲ್‌ನಲ್ಲಿ ಬೋರಿನ ನೀರು ಪ್ಯಾನಲ್ ಒಳಗೆ ಹೋಗುವುದೇ ಇಲ್ಲ. ಬೆಲೆ ಹೆಚ್ಚು, ಆದರೆ ಕಾಜು ಒಡೆಯುವ ಭಯವಿಲ್ಲ, ಮಂಗಗಳ ಕಾಟ ಇರುವ ಕಡೆ ಅದೇ ಲೇಸು.

ಸೋಲಾರ್ ಫಿಟ್ಟಿಂಗ್, ವಿಜಯಪುರ

ಎಕ್ಸ್‌ಚೇಂಜರಿನ ಹೊರಮೈ ಮ್ಯಾಲೂ ಸುಣ್ಣ ಕೂರತೈತಿ ಸರ್, ಅದನ್ನ ಬಿಚ್ಚಿ ತೊಳಿಯೂರು ನಮ್ಮ ಕಡೆ ಸಿಗೂದು ಕಷ್ಟ. ಮಂಗ ಇದ್ದಲ್ಲಿ ನಿಮ್ಮ ಮಾತು ಒಪ್ಪತೀನಿ. ಉಳಿದಲ್ಲಿ ಟ್ಯೂಬ್ ಅಂತನ ನನ್ನ ಮಾತು.

ನವನಗರ ನಿವಾಸಿ, ಬಾಗಲಕೋಟೆ

ಮ್ವಾಡ ಕವಿದ ದಿನ ಏನು ಮಾಡೂದ್ರಿ? ಸೋಲಾರ್ ಟಾಕಿ ಒಳಗ ಎಲಿಮೆಂಟ್ ಹಾಕ್ಸಿದ್ರ ಗೀಸರ್ ಬ್ಯಾಡ ಅಂತ ಅಂಗಡಿಯವರು ಹೇಳ್ತಾರ. ಮತ್ತ 100 ಲೀಟರ್ ಸಾಕೇನು?

ಟಿಳಕವಾಡಿ

100 ಲೀಟರ್ 60 ಡಿಗ್ರಿಗೆ ಕಾದರೆ ಕಾಗದದ ಮೇಲೆ 200 ಲೀಟರಿಗೂ ಹೆಚ್ಚು ಜಳಕದ ನೀರು. ಆದರೆ ಎಳೆದಷ್ಟೂ ಕೆಳಗಿನಿಂದ ತಣ್ಣೀರು ಬಂದು ಬೆರೆಯುವುದರಿಂದ ಎಂಟು ಬಕೆಟ್ ಎಂದುಕೊಳ್ಳಿ. ಐದು ಮಂದಿಗೆ ತಲೆಗೆ ಒಂದೂವರೆ ಬಕೆಟ್ ಎಂದರೆ ಏಳೂವರೆ. ಸರಿಹೋಗುತ್ತದೆ, ಉಳಿಯುವುದಿಲ್ಲ. ರಾತ್ರಿ ಪಾತ್ರೆಗೆ ಬಿಸಿನೀರು ಬಳಸುವ ರೂಢಿಯಿದ್ದರೆ 150 ತೆಗೆದುಕೊಳ್ಳಿ.

ಟಾಕಿಯೊಳಗಿನ ಎಲಿಮೆಂಟ್ ಬಗ್ಗೆ ನನಗೆ ಒಲವಿಲ್ಲ. ಅದು ಇಬ್ಬರಿಗೆ ಬೇಕೆಂದರೂ ಇಡೀ ಟಾಕಿಯನ್ನೇ ಕಾಯಿಸುತ್ತದೆ. 150 ಲೀಟರನ್ನು 20 ಡಿಗ್ರಿ ಏರಿಸಲು 3.5 ಯೂನಿಟ್, 2 ಕಿಲೋವ್ಯಾಟಿನಲ್ಲಿ ಒಂದೂಮುಕ್ಕಾಲು ತಾಸು, ನಿಮ್ಮ ಸಂಜೆಯ ವೋಲ್ಟೇಜಿನಲ್ಲಿ ಮೂರು ತಾಸಿನ ಹತ್ತಿರ. ಬಿಸಿಲಿನಲ್ಲಿ ಮಾಳಿಗೆಯ ಮೇಲೆ ವೈರಿಂಗ್ ಬೇರೆ ಒಣಗಿ ಸೀಳುತ್ತದೆ. ಅದರ ಬದಲು ಕೆಳಗೆ ಒಂದು ಬಚ್ಚಲಿನಲ್ಲಿ 25 ಲೀಟರ್ ಗೀಸರ್ ಹಾಕಿಸಿ. ಅದಕ್ಕೆ ತಣ್ಣೀರು ಸಿಂಟ್ಯಾಕ್ಸಿನಿಂದ, ನಳ ಬೇರೆ. ಸೋಲಾರಿನ ನೀರನ್ನು ಗೀಸರಿಗೆ ಕೊಡಬೇಡಿ. ಬೇಸಿಗೆಯಲ್ಲಿ ಅದು 80 ಡಿಗ್ರಿ ದಾಟಬಹುದು, ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಗೀಸರಿನ ಕಟೌಟ್ ಬಿದ್ದುಬಿಡುತ್ತದೆ, ಬಿಚ್ಚಿ ರೀಸೆಟ್ ಮಾಡುವ ತನಕ ಹತ್ತುವುದಿಲ್ಲ.

ಕರೆಂಟ್ ಹೋಗುವ ಊರಿನವರು ಗೀಸರ್ ಕೊಳ್ಳುವಾಗ ಎರಡು ವಿಷಯ ನೋಡಿ. ಬಟನ್ ಒತ್ತುವ ಡಿಜಿಟಲ್ ಮಾದರಿಗಳಲ್ಲಿ ಕೆಲವು ಕರೆಂಟ್ ಹೋಗಿ ಬಂದ ಮೇಲೆ ಆಫ್ ಆಗಿಯೇ ಉಳಿಯುತ್ತವೆ. ರಾತ್ರಿ 11ಕ್ಕೆ ಹಚ್ಚಿ ಮಲಗಿದಿರಿ, 11:10ಕ್ಕೆ ಐದು ನಿಮಿಷ ಹೋಗಿ ಬಂತು, ಮುಂಜಾನೆ ತಣ್ಣೀರು. ಗುಂಡಿ ತಿರುವುವ ಸಾದಾ ಮಾದರಿಗೆ ಆ ತೊಂದರೆ ಇಲ್ಲ. ಎರಡನೆಯದು ಟೈಮರ್. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ದಿನಕ್ಕೆ ಎರಡು ತಾಸು ಹೋದರೆ ಮೂರು ದಿನಕ್ಕೆ ಆರು ತಾಸು ಹಿಂದೆ, ರಾತ್ರಿ 11ರ ಬದಲು ಮುಂಜಾನೆ 5ಕ್ಕೆ ಹಚ್ಚುತ್ತದೆ. ಒಳಗೆ ಬ್ಯಾಟರಿ ಇರುವ 16 ಆಂಪಿಯರ್ ಡಿಜಿಟಲ್ ಟೈಮರ್ ತನ್ನಿ. ಗೀಸರಿಗೆ ಪ್ರತ್ಯೇಕ ಲೈನ್, 4 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಇದರಲ್ಲಿ ಯಾವುದನ್ನೂ ಬಿಡಬೇಡಿ.

ಜಮಖಂಡಿ ನಾಕಾ

ಗೃಹಜ್ಯೋತಿ ಇದ್ದ ಮ್ಯಾಲ ಕರೆಂಟ್ ಪುಕ್ಕಟೆ. ಸೋಲಾರಿಗೆ ರೊಕ್ಕ ಯಾಕ ಹಾಕಬೇಕ್ರಿ?

ಟಿಳಕವಾಡಿ

ಪುಕ್ಕಟೆ ಇರುವುದು ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 70 ಇದ್ದ ಮನೆಗೆ 77 ಯೂನಿಟ್. ಚಳಿಗಾಲದಲ್ಲಿ ಐದು ಮಂದಿಯ ಜಳಕಕ್ಕೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಗೀಸರ್ ಹೊಸದಾಗಿ ಹಾಕಿಸಿದವರಿಗೆ ಅದಷ್ಟೂ ಹೆಚ್ಚುವರಿ, ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 540. ಒಟ್ಟು ಬಳಕೆ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮೊದಲಿನಿಂದಲೂ ಗೀಸರ್ ಇದ್ದು ಸರಾಸರಿಯಲ್ಲೇ ಸೇರಿಹೋದ ಮನೆಗೆ ನಿಮ್ಮ ಮಾತು ಹೊಂದುತ್ತದೆ.

ಖಾನಾಪುರ ರೋಡ್

ಬೆಳಗಾವಿ ಕಡೆಯವರು ಈ ಲೆಕ್ಕ ಹಾಗೇ ಹಿಡಿಯಬೇಡಿ. ಇಲ್ಲಿ ಜೂನ್ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಎಡೆಬಿಡದೆ ಮೋಡ, ಮಳೆ. ಬಿಸಿನೀರು ಹೆಚ್ಚು ಬೇಕಾಗುವುದೂ ಆ ತಣ್ಣಗಿನ ದಿನಗಳಲ್ಲೇ. ನಮ್ಮಲ್ಲಿ 50 ಲೀಟರ್ ಗೀಸರನ್ನೇ ಮುಖ್ಯ ಮಾಡಿಕೊಂಡು, ಕೈಯಲ್ಲಿ ಹಣವಿದ್ದರೆ ಸೋಲಾರ್ ಸೇರಿಸುವುದು ಸರಿ ಎನಿಸುತ್ತದೆ.

ಸೋಲಾರ್ ಫಿಟ್ಟಿಂಗ್, ವಿಜಯಪುರ

ಖಾನಾಪುರದವರ ಮಾತು ಖರೆ. ವಿಜಯಪುರ, ಬಾಗಲಕೋಟಿಗೆ ಸೋಲಾರ್ ಮೊದಲು, ಗೀಸರ್ ಆಮ್ಯಾಲ. ನವನಗರದವರ, ಕೂರಿಸೂಮುಂದ ದಕ್ಷಿಣಕ್ಕ ಮುಖ ಮಾಡ್ರಿ, ಮೆಟ್ಟಿಲ ಖೋಲಿಯ ನೆರಳು ಮುಂಜಾನೆ 9ರಿಂದ ಮಧ್ಯಾಹ್ನ 4ರ ತನಕ ಟ್ಯೂಬಿನ ಮ್ಯಾಲ ಬೀಳಬಾರದು. ಡಿಸೆಂಬರದಾಗ ನೆರಳು ಉದ್ದ ಇರತೈತಿ, ಅದನ್ನ ಲೆಕ್ಕಕ್ಕ ಹಿಡೀರಿ. ಬಿಸಿ ಲೈನಿಗೆ ಸಿಪಿವಿಸಿ ಪೈಪ್ ಹಾಕ್ರಿ, ಬಿಳಿ ಯುಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗತೈತಿ. ಮುಕ್ಕಾಲು ಇಂಚಿನ ಪೈಪ್ 15 ಮೀಟರ್ ಇದ್ರ ಒಳಗ ನಾಲ್ಕು ಲೀಟರ್ ತಣ್ಣಗಾದ ನೀರು ನಿಂತಿರತೈತಿ. ಒಂದಿಂಚು ಹಾಕಿದ್ರ ಆರು. ಹಂಗಾಗಿ ದಪ್ಪ ಪೈಪ್ ಬ್ಯಾಡ, ಮ್ಯಾಲ ಕಪ್ಪು ಫೋಮ್ ಸುತ್ತಿ, ಬಿಸಿಲಿಗೆ ಅದು ಪುಡಿಯಾಗದಂಗ ಅಲ್ಯೂಮಿನಿಯಂ ಟೇಪ್ ಸುತ್ತಿಸಿರಿ.

ನವನಗರ ನಿವಾಸಿ, ಬಾಗಲಕೋಟೆ

ಮೆಟ್ಟಿಲ ಖೋಲಿ ನಮ್ಮ ಮಾಳಿಗಿಯ ದಕ್ಷಿಣ ಮೂಲ್ಯಾಗ ಐತ್ರಿ, 8 ಫೂಟ್ ಎತ್ತರ. ಉತ್ತರದ ಕಡೆ ಎಷ್ಟು ದೂರ ಸರಿಸಬೇಕು?

ಸೋಲಾರ್ ಫಿಟ್ಟಿಂಗ್, ವಿಜಯಪುರ

ಡಿಸೆಂಬರದಾಗ ನಮ್ಮ ಕಡೆ ನಡು ಮಧ್ಯಾಹ್ನದಾಗ ಹೊತ್ತು ಆಕಾಶದಾಗ ಸುಮಾರು 50 ಡಿಗ್ರಿ ಎತ್ತರ. 8 ಫೂಟಿನ ಗ್ವಾಡಿ ನೆರಳು ಆಗ ಉತ್ತರಕ್ಕ 7 ಫೂಟ್ ಬೀಳತೈತಿ, ಮುಂಜಾನೆ 9ಕ್ಕ ಇನ್ನೂ ಉದ್ದ, ವಾಯವ್ಯಕ್ಕ ವಾಲಿರತೈತಿ. ಖೋಲಿ ಮ್ಯಾಲ ಟಾಕಿ ಬ್ಯಾರೆ ಕೂರತೈತಿ. 12 ಫೂಟ್ ಬಿಟ್ಟು ಇಡ್ರಿ. ಅಷ್ಟು ಜಾಗ ಇರದಿದ್ರ ಖೋಲಿಯ ಪೂರ್ವ ಅಥವಾ ಪಶ್ಚಿಮ ಪಕ್ಕಕ್ಕ ಸರಿಸೂಣು. ಮಾಳಿಗಿ ಅಳತಿ ಹಾಕ್ರಿ, ಯಾವ ಪಕ್ಕ ಅಂತ ನೋಡಿ ಹೇಳ್ತೀನಿ.